ಎರಡನೇ ಮಹಡಿಯ ಲೋಟಗಳು

ಲೋಟದ ಒಳಗೆ, ತಳದ ಅಂಚಿನಲ್ಲಿ, ಬಿಳಿ ಟವೆಲಿನ ಒಂದು ಎಳೆ ಅಂಟಿಕೊಂಡಿತ್ತು. ಅಕ್ಕಿಕಾಳಿನಷ್ಟು ಉದ್ದ. ಹೌಸ್‌ಕೀಪಿಂಗ್ ಮೇಲ್ವಿಚಾರಕಿ ಅದನ್ನು ಉಗುರಿನಿಂದ ತೆಗೆದು, ಸೀರೆಗೆ ಒರಸಿಕೊಂಡು, ಲೋಟವನ್ನು ಮತ್ತೆ ಬೋರಲು ಹಾಕಿದರು. ನಾನು ನೋಡಿದೆ. ನಾನು ನೋಡಿದ್ದನ್ನು ಅವರೂ ನೋಡಿದರು. ಕೋಣೆಗಳ ತಪಾಸಣೆಗೆ ಹೊರಟಿದ್ದ ನಾವಿಬ್ಬರೂ ಮುನ್ನೂರ ನಾಲ್ಕನೆಯ ಕೋಣೆಯ ಬಾಗಿಲು ಎಳೆದುಕೊಂಡು ಮುಂದಿನ ಕೋಣೆಗೆ ಹೋದೆವು.

ಕೊಳ್ಳೇಗಾಲದ ಆ ಹೋಟೆಲಿನಲ್ಲಿ ನನ್ನದು ಸಿಬ್ಬಂದಿ ವಿಭಾಗದ ಕೆಲಸ. ಮೈಸೂರಿನಲ್ಲಿ ಎಂಬಿಎ ಮುಗಿಸಿ, ಯಳಂದೂರಿನ ಮನೆಯಿಂದ ದಿನವೂ ಬಸ್ಸಿನಲ್ಲಿ ಬಂದು ಹೋಗುತ್ತಿದ್ದೆ. ಮೂರು ಮಹಡಿ, ಮಹಡಿಗೆ ಹದಿನಾಲ್ಕು ಕೋಣೆ, ಹಿಂದುಗಡೆ ಒಂದು ಮದುವೆ ಹಾಲ್. ಬರುವವರಲ್ಲಿ ಹೆಚ್ಚಿನವರು ಬೆಟ್ಟಕ್ಕೆ ಹೋಗಿಬರುವ ಭಕ್ತರು, ಮದುವೆಗೆ ಬಂದ ನೆಂಟರು, ರೇಷ್ಮೆ ವ್ಯಾಪಾರದವರು. ಬೆಳಗಿನ ಪಾಳಿಯಲ್ಲಿ ಮಹಡಿಗೊಬ್ಬರಂತೆ ಮೂವರು ಹೆಂಗಸರು ಕೋಣೆಗಳನ್ನು ನೋಡಿಕೊಳ್ಳುತ್ತಿದ್ದರು; ಏಳರಿಂದ ಮೂರೂವರೆ. ಮಧ್ಯಾಹ್ನ ಒಂದರಿಂದ ಒಂಬತ್ತೂವರೆಯ ಎರಡನೇ ಪಾಳಿಗೆ ಒಬ್ಬರೇ.

ತಿಂಗಳ ಅತ್ಯುತ್ತಮ ಉದ್ಯೋಗಿ ಎಂಬುದನ್ನು ತಂದವರು ಹೊಸ ಮ್ಯಾನೇಜರು. ಮೈಸೂರಿನ ದೊಡ್ಡ ಹೋಟೆಲಿನಲ್ಲಿದ್ದು ಬಂದವರು. ಆಯ್ಕೆಗೆ ಎರಡು ದಾರಿ ಇತ್ತು: ಆಯಾ ವಿಭಾಗದ ಮೇಲ್ವಿಚಾರಕರು ಕೊಡುವ ಹೆಸರು, ಅತಿಥಿಗಳು ಬರೆದಿಟ್ಟು ಹೋಗುವ ಕಾರ್ಡು. ಆ ತಿಂಗಳು ಹೌಸ್‌ಕೀಪಿಂಗಿನ ಸರದಿ. ಮೇಲ್ವಿಚಾರಕಿ ಮೂರನೇ ಮಹಡಿಯವಳ ಹೆಸರು ಕೊಟ್ಟಿದ್ದರು. ಮ್ಯಾನೇಜರು ಕಾರ್ಡುಗಳನ್ನು ತಿರುವಿ ಹಾಕಿ ಎರಡನೇ ಮಹಡಿ ನೋಡಿಕೊಳ್ಳುವ ಹೆಂಗಸನ್ನು ಆರಿಸಿದರು. ಮೇಲ್ವಿಚಾರಕಿಗೆ ಅಲ್ಲೇ ಒಂದು ಏಟು ಬಿದ್ದಿತ್ತು. ನಾನು ಅದನ್ನು ಗಮನಿಸಿರಲಿಲ್ಲ.

"ಪ್ರಶಂಸಾಪತ್ರ ನೀನು ಬರಿಯಮ್ಮ," ಎಂದರು ಮ್ಯಾನೇಜರು. "ಪ್ರತಿ ಸಲ ಅದೇ ಶ್ರಮಜೀವಿ, ಅದೇ ಸಮಯಪ್ರಜ್ಞೆ. ಹೋದ ತಿಂಗಳು ಅಡಿಗೆಮನೆಯವನಿಗೆ ಓದಿದ್ದನ್ನೇ ಅದರ ಹಿಂದಿನ ತಿಂಗಳು ಸೆಕ್ಯುರಿಟಿಯವನಿಗೆ ಓದಿದ್ವಿ. ಈ ಸಲ ಅವರನ್ನ ನೋಡಿ ಬರಿ."

ನೋಡಿ ಬರೆಯುವುದು ನನಗೆ ಒಗ್ಗುವ ಕೆಲಸ. ಮಾರನೆಯ ದಿನ ಒಂದು ಸಣ್ಣ ನೋಟ್‌ಪುಸ್ತಕ ಹಿಡಿದು ಎರಡನೇ ಮಹಡಿಗೆ ಹೋದೆ.

ಆಕೆಗೆ ನಲವತ್ತರ ಆಸುಪಾಸು. ಹನೂರಿನಿಂದ ಆಚೆ ಒಂದು ಹಳ್ಳಿ. ನನ್ನನ್ನು ಕಂಡದ್ದೇ ಟ್ರಾಲಿ ನಿಲ್ಲಿಸಿದರು.

"ಏನ್ ಮೇಡಮ್ಮ, ಪೊಲೀಸ್ನೋರಂಗೆ ಇಂದ್ಗಡೆ ಬತ್ತಿದ್ದೀರಿ? ಏನಾರ ಕಳ್ದೋಗದಾ?"

"ಇಲ್ಲ ಅಕ್ಕ. ನಿಮ್ಮ ಕೆಲಸ ನೋಡೋಕೆ."

"ಕೆಲ್ಸ ನೋಡಾದೇನ? ಮಾಡುದ್ರೆ ಒಂದ್ ಅರ್ಥ ಅದೆ."

ಆಮೇಲೆ ಅವರು ನನ್ನನ್ನು ಮರೆತು ಕೆಲಸಕ್ಕೆ ಬಿದ್ದರು. ನಾನು ಬಾಗಿಲ ಬಳಿ ನಿಂತು ಬರೆದುಕೊಂಡೆ. ಹಾಸಿಗೆಯ ಬಟ್ಟೆಯನ್ನು ಮುದ್ದೆಯಾಗಿ ಎಳೆಯದೆ ಒಂದೊಂದಾಗಿ ತೆಗೆದು ಕೊಡವುತ್ತಿದ್ದರು. ಬೆಟ್ಟದಿಂದ ಬಂದವರ ದಿಂಬಿನ ಮೇಲೆ ಅರಿಶಿನ ಕುಂಕುಮದ ಕಲೆ ಇರುತ್ತದೆ. ಅರಿಶಿನಕ್ಕೆ ಸೋಪು ತಗುಲಿದರೆ ಕೆಂಪಾಗುತ್ತದೆ. ಅಂಥ ದಿಂಬಿನ ಚೀಲವನ್ನು ಒದ್ದೆ ಮಾಡದೆ ಹಾಗೇ ಕೊಡವಿ, ಒಂದು ಮೂಲೆಗೆ ಗಂಟು ಹಾಕಿ ಬೇರೆ ಇಡುತ್ತಿದ್ದರು. ಗಂಟು ಕಂಡರೆ ಬಟ್ಟೆ ಒಗೆಯುವವರು ಅದನ್ನು ಉಳಿದ ಬಿಳಿಬಟ್ಟೆಯ ಜೊತೆ ಹಾಕುತ್ತಿರಲಿಲ್ಲ. ಇನ್ನೂರ ಒಂಬತ್ತರಲ್ಲಿ ಒಬ್ಬ ಮುದುಕಿ ಮಗಳ ಜೊತೆ ಇದ್ದರು. ಆ ಕೋಣೆಯ ಬಚ್ಚಲಿನಲ್ಲಿ ಬಕೆಟ್ಟನ್ನು ಸ್ಟೂಲಿನ ಹತ್ತಿರಕ್ಕೆ ತಂದು, ಮಗ್ಗನ್ನು ಕೂತಲ್ಲಿಂದಲೇ ಎಟುಕುವಂತೆ ಇಟ್ಟು, ಒಮ್ಮೆ ತಾವೇ ಸ್ಟೂಲಿನ ಮೇಲೆ ಕೂತು ಕೈಚಾಚಿ ನೋಡಿದರು.

ಕಡೆಗೆ ಲೋಟಗಳು. ಪ್ರತಿ ಕೋಣೆಗೆ ಎರಡು ಗಾಜಿನ ಲೋಟ. ನಾಲ್ಕೈದು ಕೋಣೆಯವನ್ನು ಒಂದು ಟ್ರೇಯಲ್ಲಿ ಇಟ್ಟುಕೊಂಡು ಮಹಡಿಯ ತುದಿಯಲ್ಲಿದ್ದ ಪ್ಯಾಂಟ್ರಿಗೆ ನಡೆದರು. ಸೋಲಾರಿನ ಬಿಸಿನೀರು ಬರುವವರೆಗೂ ನಲ್ಲಿ ಬಿಟ್ಟು ಕಾದು, ಸೋಪು ಹಾಕಿ ತೊಳೆದು, ಒಗೆದ ಬಟ್ಟೆಯ ಮೇಲೆ ಬೋರಲು ಹಾಕಿ, ನೀರಿಳಿದ ಮೇಲೆ ಮತ್ತೆ ಕೋಣೆಕೋಣೆಗೆ ಹೊತ್ತರು.

"ಇದಕ್ಕೆ ತುಂಬಾ ಹೊತ್ತು ಹಿಡಿಯಲ್ವಾ?" ಎಂದೆ.

"ಇಡೀತದೆ. ಅದ್ಕೆ ಆರೂ ಇಪ್ಪತ್ತಕ್ಕೆಲ್ಲ ಬಂದು ಟ್ರಾಲಿ ತುಂಬುಸ್ಕಬುಡ್ತೀನಿ. ಏಳ್ ಗಂಟೆಗ್ ಬಂದೋರು ಬೆಡ್‌ಸೀಟು ಸೋಪು ಜೋಡ್ಸಾ ಒತ್ಗೆ ನಂದು ಮೂರು ರೂಮ್ ಆಗಿರ್ತದೆ." ಎಂದವರು ನನ್ನ ಪುಸ್ತಕ ನೋಡಿ ಕೈಯಾಡಿಸುವುದನ್ನು ನಿಲ್ಲಿಸಿದರು. "ಲೋಟದ್ ಇಸ್ಯ ಬರಿಯಾಕೋಗ್ಬೇಡಿ ಮೇಡಮ್ಮ. ಗಂಟ್ ಆಕದ್ ಬರ್ಕಳಿ, ಸಾಕು."

ಅದನ್ನು ನಾನು ಸಂಕೋಚ ಎಂದುಕೊಂಡೆ. ಇವತ್ತು ಬರೆಯುವಾಗ ಆ ಮಾತನ್ನು ಹಾಗೆಯೇ ಬಿಡಲಾರೆ. ಹಿಂದಿನ ತಿಂಗಳು ಮುನ್ನೂರ ನಾಲ್ಕರ ಲೋಟದಲ್ಲಿ ಕಂಡ ಎಳೆ ನನಗೆ ನೆನಪಿತ್ತು. ಕೋಣೆ ಖಾಲಿ ಮಾಡಿದವರು ಬಿಟ್ಟುಹೋದ ಟವೆಲಿನಲ್ಲೇ ಉಳಿದ ಮಹಡಿಗಳ ಹೆಂಗಸರು ಲೋಟ ಒರಸುತ್ತಾರೆಂಬುದು ನನಗೆ ಗೊತ್ತಿತ್ತು. ಗೊತ್ತಿದ್ದುದರಿಂದಲೇ ಈಕೆಯ ಲೋಟಗಳು ನನಗೆ ಅಷ್ಟು ಚೆನ್ನಾಗಿ ಕಂಡವು.

ಸೋಮವಾರ ಪಾಳಿ ಬದಲಾಗುವ ಹೊತ್ತಿಗೆ ಸಿಬ್ಬಂದಿಯ ಊಟದ ಕೋಣೆಯಲ್ಲಿ ಎಲ್ಲರೂ ಸೇರಿದ್ದರು. ನಾನು ಓದಿದೆ. ಬರೆದದ್ದು ಇಷ್ಟು:

"ಎರಡನೇ ಮಹಡಿಯ ಹದಿನಾಲ್ಕು ಕೋಣೆಗಳಿಗೆ ಇವರು ಹೋಗುವಾಗ ಅಲ್ಲಿ ಯಾರೂ ಇರುವುದಿಲ್ಲ. ಯಾರೂ ನೋಡದ ಕಡೆ ಇವರು ಹೇಗೆ ಕೆಲಸ ಮಾಡುತ್ತಾರೆಂಬುದನ್ನು ಹೇಳಲು ಈ ಪತ್ರ. ಅರಿಶಿನ ತಗುಲಿದ ದಿಂಬಿನ ಚೀಲಕ್ಕೆ ಇವರು ಹಾಕುವ ಗಂಟು ನಮ್ಮ ಬಿಳಿಬಟ್ಟೆಯನ್ನು ಬಿಳಿಯಾಗಿ ಉಳಿಸಿದೆ. ವಯಸ್ಸಾದವರ ಬಚ್ಚಲಿನಲ್ಲಿ ಇವರು ತಾವೇ ಕೂತು ನೋಡಿ ಮಗ್ಗನ್ನು ಇಡುತ್ತಾರೆ. ಇವರ ಕೋಣೆಯ ಲೋಟವನ್ನು ಯಾರೋ ಬಳಸಿದ ಟವೆಲಿನಲ್ಲಿ ಒರಸಿರುವುದಿಲ್ಲ. ಪ್ಯಾಂಟ್ರಿಗೆ ಒಯ್ದು ಬಿಸಿನೀರಿನಲ್ಲಿ ತೊಳೆದಿರುತ್ತಾರೆ. ಅದಕ್ಕೆ ಬೇಕಾದ ಸಮಯಕ್ಕಾಗಿ ಇವರು ದಿನವೂ ನಲವತ್ತು ನಿಮಿಷ ಮುಂಚೆ ಬರುತ್ತಾರೆ. ನಮ್ಮ ಮನೆಗೆ ಬಂದವರಿಗೆ ನೀರು ಕೊಡುವ ಕೈ ಹೇಗಿರಬೇಕೋ ಹಾಗಿದೆ ಇವರ ಕೈ."

ಮಗ್ಗಿನ ವಾಕ್ಯದವರೆಗೂ ಕೆಲವರು ನಗುತ್ತಿದ್ದರು. ಲೋಟದ ವಾಕ್ಯಕ್ಕೆ ಬೆಂಚು ಎಳೆದ ಸದ್ದಾಯಿತು. ಮ್ಯಾನೇಜರು ಒಬ್ಬರೇ ಚಪ್ಪಾಳೆ ತಟ್ಟಿದರು, ಆಮೇಲೆ ಉಳಿದವರು ತಟ್ಟಬೇಕಲ್ಲ ಎಂದು ತಟ್ಟಿದರು. ಆಕೆ ಚಪ್ಪಾಳೆಯ ನಡುವೆ ನೆಲ ನೋಡುತ್ತಾ ನಿಂತಿದ್ದರು. ಫೋಟೊ ತೆಗೆಯುವಾಗಲೂ ತಲೆ ಎತ್ತಲಿಲ್ಲ.

ಮೂರನೇ ಮಹಡಿಯವಳು ಬಾಗಿಲ ಬಳಿ, ನನಗೆ ಕೇಳಿಸಲೆಂದೇ ಹೇಳಿದಳು: "ಅಂಗಾರೆ ನಾವೆಲ್ಲ ಟವಲ್ಲಲ್ಲಿ ಒರಸೋರು ಅಂತಾಯ್ತು. ನಮ್ ಕೈ ಯಾವ್ ಮನೆ ಕೈಯೋ!"

ಮ್ಯಾನೇಜರಿಗೆ ಬರಹ ಎಷ್ಟು ಹಿಡಿಸಿತೆಂದರೆ ಸಂಜೆಯೊಳಗೆ ಗಾಜಿನ ಕಟ್ಟು ಹಾಕಿಸಿ ಲಿಫ್ಟಿನ ಪಕ್ಕದ ಗೋಡೆಗೆ ತೂಗುಹಾಕಿಸಿದರು. ಲಿಫ್ಟು ನಿಧಾನ. ಕಾಯುವವರು ಓದುತ್ತಾರೆ. ಬುಧವಾರ ಮದುವೆಗೆ ಬಂದಿದ್ದ ಒಬ್ಬ ಹಿರಿಯರು ಓದಿ ಮುಗಿಸಿ ಸೀದಾ ರಿಸೆಪ್ಶನ್ನಿಗೆ ಬಂದರು.

"ನಮ್ ರೂಮು ಮೂರನೇ ಮಾಡೀಲದೆ. ನಮ್ ಲೋಟ ಯಾರಪ್ಪ ತೊಳ್ದಿರಾದು?"

ರಿಸೆಪ್ಶನ್ನಿನಲ್ಲಿದ್ದವರು ತಡವರಿಸಿದರು.

"ಅಲ್ಲಯ್ಯ, ಅಲ್ಲಿ ಆಕಿದ್ದೀರಿ, ಎರಡನೇ ಮಾಡೀಲಿ ತೊಳೀತೀವಿ ಅಂತ. ಮೂರನೇ ಮಾಡಿಯೋರು ಏನ್ ಪಾಪ ಮಾಡಿದ್ದೋ? ನಂಗೆ ಎರಡನೇ ಮಾಡಿಗೆ ಬದಲಾಯ್ಸು."

ಅದೇ ದಿನ ಇನ್ನಿಬ್ಬರು ಕೇಳಿದರು. ಒಬ್ಬರು ಕಟ್ಟಿನ ಫೋಟೊ ತೆಗೆದುಕೊಂಡರು. ಗುರುವಾರ ನಾನು ಮಧ್ಯಾಹ್ನ ಊಟ ಮುಗಿಸಿ ಬರುವಷ್ಟರಲ್ಲಿ ನನ್ನ ಕುರ್ಚಿಯ ಮೇಲೆ ಒಂದು ಬಳಸಿದ ಟವೆಲು, ಅದರ ಮೇಲೆ ಬೋರಲು ಹಾಕಿದ ಒಂದು ಲೋಟ ಇತ್ತು. ಎರಡನ್ನೂ ತೆಗೆದುಕೊಂಡು ಹೋಗಿ ಲಾಂಡ್ರಿಯಲ್ಲಿ ಇಟ್ಟು ಬಂದೆ. ಊಟದ ಕೋಣೆಯಲ್ಲಿ ಆಕೆ ಕೂರುವ ಬೆಂಚಿನಲ್ಲಿ ಈಗ ಬೇರೆ ಯಾರೂ ಕೂರುತ್ತಿರಲಿಲ್ಲ. ಯಾರೋ ತಮ್ಮ ಎಂಜಲು ತಟ್ಟೆಯನ್ನು ಆಕೆಯ ಮುಂದೆ ತಳ್ಳಿದ್ದನ್ನು ನಾನೇ ಕಂಡೆ. "ಅಕ್ಕ, ಇದ್ನೂ ಒಸಿ ಬಿಸ್ನೀರಲ್ಲಿ ತೊಳ್ದ್ ಕೊಡಕ್ಕ. ಇನ್ನೊಂದ್ ಕಟ್ಟು ಬತ್ತದೆ." ಆಕೆ ತಟ್ಟೆಯನ್ನು ಪಕ್ಕಕ್ಕೆ ಸರಿಸಿ ಊಟ ಮುಂದುವರಿಸಿದರು.

ಶುಕ್ರವಾರ ಮುಂದಿನ ವಾರದ ಡ್ಯೂಟಿ ಪಟ್ಟಿ ನನ್ನ ಮೇಜಿಗೆ ಬಂತು. ಪಟ್ಟಿ ಮಾಡುವವರು ಮೇಲ್ವಿಚಾರಕಿ. ಕೆಳಗೆ ನನ್ನ ಸಹಿ ಬೀಳಬೇಕು. ಅಲ್ಲಿಯವರೆಗೆ ಅಂಥ ಪಟ್ಟಿಗಳಿಗೆ ಓದದೆ ಸಹಿ ಹಾಕಿದ್ದೇನೆ. ಆ ದಿನ ಓದುವ ಮೊದಲೇ ಎರಡನೇ ಮಹಡಿಯ ಆಕೆ ಬಾಗಿಲಲ್ಲಿ ನಿಂತಿದ್ದರು. ಒಳಗೆ ಬನ್ನಿ ಅಂದರೂ ಬರಲಿಲ್ಲ, ಕೂರಿ ಅಂದರೂ ಕೂರಲಿಲ್ಲ.

"ಸೋಮಾರದಿಂದ ನಂಗೆ ಎರಡ್ನೇ ಪಾಳಿ ಆಕವ್ರೆ. ನೋಡುದ್ರಾ?"

ನೋಡಿದೆ. ಅವರ ಹೆಸರು ಒಂದರಿಂದ ಒಂಬತ್ತೂವರೆಯ ಸಾಲಿನಲ್ಲಿತ್ತು.

"ನಮ್ಮೂರ್ಗೆ ಕೊನೆ ಬಸ್ಸು ಅನೂರು ಬುಡಾದು ಏಳೂವರೆಗೆ. ಇಲ್ಲಿ ಕೆಲ್ಸ ಬುಡಾದು ಒಂಬತ್ತೂವರೆಗೆ. ನಿಮ್ ಒಗಳಿಕೆ ಕಾಗ್ದ ಒದ್ಕಂಡು ಬಸ್‌ಸ್ಟ್ಯಾಂಡಲ್ಲಿ ಮನೀಕಳ್ಲಾ?"

"ನಾನು ಒಳ್ಳೇದಕ್ಕೆ ಅಂತ ಬರೆದೆ ಅಕ್ಕ."

"ಬರೀಬೇಡಿ ಅಂದೆ ತಾನೆ? ಬಾಯ್ಬುಟ್ಟು ಅಂದೆ ತಾನೆ? ಐದೊರ್ಸ ಆಯ್ತು ನಾನಿಲ್ಲಿ ಬಂದು. ಅವ್ರ್ ಒರಸ್ಕತ್ತಿದ್ರು, ನಾನ್ ತೊಳ್ಕತ್ತಿದ್ದೆ. ಯಾರೂ ಯಾರ್‌ನೂ ಕೇಳ್ತಿರ್ನಿಲ್ಲ. ನೀವ್ ಬಂದ್ರಿ, ಪುಸ್ತಕ ಇಡ್ಕಂಡು." ಅವರ ದನಿ ಏರಲಿಲ್ಲ, ಅದೇ ನನಗೆ ಕಷ್ಟವಾಯಿತು. "ನಾನ್ ಕೆಲ್ಸ ಬುಟ್ರೆ ನಂಗೆ ಬೇರೆ ಇಲ್ಲ ಮೇಡಮ್ಮ. ನಿಮ್ಗೆ ಬರಿಯಾಕೆ ಇನ್ನೊಬ್ರು ಸಿಕ್ತಾರೆ."

ಹೋದರು. ನಾನು ಸಹಿ ಹಾಕದೆ ಪಟ್ಟಿಯನ್ನು ಡ್ರಾಯರಿನಲ್ಲಿಟ್ಟೆ.

ಶನಿವಾರ ಮ್ಯಾನೇಜರ ಬಳಿ ಹೋದೆ. ಅವರು ಅತಿಥಿಗಳ ದೂರಿನಿಂದ ಮೊದಲೇ ಬಿಸಿಯಾಗಿದ್ದರು. "ನಾನು ನಿನಗೆ ಹೊಗಳು ಅಂದೆ. ನೀನು ಹೋಟೆಲಿನ ಮಾನ ಗೋಡೆ ಮೇಲೆ ಬರೆದಿಟ್ಟೆ. ಲೋಟದ ವಾಕ್ಯ ತೆಗೆದು ಬೇರೆ ಪ್ರಿಂಟ್ ಹಾಕು, ಮುಗೀತು."

"ಅವರ ಪಾಳಿ ಬದಲಾಯಿಸಿದ್ದಾರೆ ಸರ್."

"ಅದು ಹೌಸ್‌ಕೀಪಿಂಗ್‌ನವರ ಇಲಾಖೆ. ಅವರನ್ನೇ ಕೇಳು."

ಮೇಲ್ವಿಚಾರಕಿ ಮೂರನೇ ಮಹಡಿಯಲ್ಲಿದ್ದರು. ನನ್ನ ಕೈಯಲ್ಲಿ ಪಟ್ಟಿ ಕಂಡು ಮೊದಲೇ ಶುರುಮಾಡಿದರು.

"ಸೈನ್ ಆಕಲ್ಲ ಅಂತ ಏಳಕ್ ಬಂದ್ರಾ? ಬ್ಯಾಡ, ಆಕ್ಬೇಡಿ. ಬೆಸ್ಟ್ ಎಂಪ್ಲಾಯಿ ಅಲ್ವಾ, ಸಂಜೆ ಒತ್ತು ಒಬ್ಳೇ ಮೂರ್ ಮಾಡಿನೂ ನೋಡ್ಕತಾಳೆ ಅಂತ ಆಕಿದ್ದೀನಿ."

"ಅವರಿಗೆ ಬಸ್ಸಿರಲ್ಲ ಅಂತ ನಿಮಗೆ ಗೊತ್ತು."

"ಗೊತ್ತು. ಬನ್ನಿ ಇಲ್ಲಿ." ನನ್ನ ಮೊಣಕೈ ಹಿಡಿದು ಪ್ಯಾಂಟ್ರಿಗೆ ಕರೆದೊಯ್ದರು. ಸಿಂಕಿನ ಮೇಲಿನ ಕಪಾಟು ತೆರೆದು ತೋರಿಸಿದರು. ಪೇಪರು ಹಾಸಿದ್ದ ಖಾಲಿ ಹಲಗೆ. "ಎಷ್ಟ್ ಲೋಟ ಅವೆ? ಎಣ್ಸಿ."

"ಒಂದೂ ಇಲ್ಲ."

"ರೂಮ್ಗೆ ಎರಡೇ ಲೋಟ, ಇನ್ನೊಂದ್ ಜೊತೆ ಇಲ್ಲ. ಜೊತೆ ಇದ್ರೆ ಕೊಳೇದ್ ತಕಂಡು ತೊಳ್ದಿರಾದ್ನ ಇಡಾದು, ಅರೆ ನಿಮ್ಸದ್ ಕೆಲ್ಸ. ಇಲ್ದಿದ್ರೆ ಒತ್ಕಂಡ್ ಬಂದು, ತೊಳ್ದು, ಆರಿಸಿ, ಒತ್ಕಂಡ್ ಓಗ್ಬೇಕು. ಅಷ್ಟೊತ್ಗೆ ಗೆಸ್ಟು ಬಾಗ್ಲಲ್ಲಿ ಬ್ಯಾಗ್ ಇಡ್ಕಂಡ್ ನಿಂತಿರ್ತಾನೆ. ಹದಿನಾಲ್ಕ್ ರೂಮು, ಒಂದೇ ಕೈ. ಮೊದ್ಲಿದ್ದ ಮ್ಯಾನೇಜರ್ನೂ ಕೇಳ್ದೆ, ಇವರ್ನೂ ಕೇಳ್ದೆ. ಮುಂದಿನ್ ತಿಂಗ್ಳು ಅಂದ್ರು." ಕಪಾಟು ಮುಚ್ಚಿದರು. "ಅವಳು ನಲವತ್ತು ನಿಮ್ಸ ಮುಂಚೆ ಬತ್ತಾಳೆ ಅಂತ ಬರುದ್ರಲ್ಲ, ಆ ನಲವತ್ತು ನಿಮ್ಸ ಯಾರಪ್ಪನ್ ಮನೇದು? ಈಗ ಇನ್ನಿಬ್ರೂ ಅಂಗೇ ಬರ್ಲಿ ಅಂತ ಏಳ್ತಾರೆ ನಿಮ್ ಸಾಯೇಬ್ರು. ಒಬ್ಳಿಗೆ ಮೊಲೆ ಕುಡಿಯ ಮಗ ಅದೆ."

ಹೋಟೆಲು ಕೊಳ್ಳದೆ ಬಿಟ್ಟ ಲೋಟಗಳ ಕೊರತೆಯನ್ನು ಒಬ್ಬ ಹೆಂಗಸು ತನ್ನ ಬೆಳಗಿನ ನಿದ್ದೆಯಲ್ಲಿ ತುಂಬುತ್ತಿದ್ದಳು. ಅದನ್ನು ನಾನು ಸದ್ಗುಣ ಎಂದು ಬರೆದು, ಉಳಿದವರ ಮೇಲೆ ಎತ್ತಿ ಹಿಡಿದಿದ್ದೆ.

"ಮುನ್ನೂರ್ ನಾಲ್ಕರಲ್ಲಿ ಅವತ್ತು ನೀವ್ ನೋಡುದ್ರಿ," ಎಂದರು ಮೇಲ್ವಿಚಾರಕಿ. ದನಿ ಸ್ವಲ್ಪ ಇಳಿದಿತ್ತು, ಸಿಟ್ಟು ಇಳಿದಿರಲಿಲ್ಲ. "ಅವತ್ತೇ ಯಾಕಿಂಗೆ ಅಂತ ಕೇಳಿದ್ರೆ ಏಳ್ತಿದ್ದೆ. ಕೇಳ್ನಿಲ್ಲ. ಗೋಡೆ ಮ್ಯಾಲ್ ಬರುದ್ರಿ."

"ಈಗ ಏನು ಮಾಡಲಿ?"

"ಎಲ್ರು ಮುಂದೆ ಓದುದ್ರಲ್ಲ, ಎಲ್ರು ಮುಂದೇನೇ ಏಳಿ, ತಪ್ಪಾಯ್ತು ಅಂತ. ಆ ಕಟ್ಟು ಇಳ್ಸಿ. ಅವಳ್ನ ಬೆಳಿಗ್ಗೆಗೇ ಆಕ್ತೀನಿ. ನಂಗೇನ್ ಅವಳ ಮ್ಯಾಲ್ ಅಗೆತನ?"

"ಹೇಳ್ತೀನಿ. ಆದರೆ ಬರೀ ಹೇಳಿದರೆ ಈ ಹಲಗೆ ಖಾಲಿಯೇ ಇರುತ್ತೆ."

ಅವರು ನನ್ನನ್ನು ಮೊದಲ ಸಲ ಪೂರ್ತಿಯಾಗಿ ನೋಡಿದರು. "ಮದ್ವೆ ಆಲ್ ಸ್ಟೋರಲ್ಲಿ ಪೆಟ್ಟಿಗ್ ಗಟ್ಲೆ ಬಿದ್ದವೆ, ಗಾಜಿನ್ ಲೋಟ. ಮದ್ವೇಲಿ ಈಗೆಲ್ಲ ಬಾಟ್ಲಿ ನೀರು. ನಾನ್ ಕೇಳುದ್ರೆ ಕೊಡಲ್ಲ. ಸಾಯೇಬ್ರ ಸೈನ್ ಬೇಕು."

ಎಂಬತ್ತನಾಲ್ಕು ಲೋಟಕ್ಕೆ ಬೇಡಿಕೆ ಚೀಟಿ ಟೈಪ್ ಮಾಡಿ ಮ್ಯಾನೇಜರ ಮುಂದೆ ಇಟ್ಟೆ. ಕಟ್ಟು ಇಳಿಸುತ್ತೇನೆ ಎಂದೂ, ಇನ್ನು ಮುಂದೆ ಯಾರಾದರೂ ಅತಿಥಿ ಕೇಳಿದರೆ ಎಲ್ಲ ಮಹಡಿಯಲ್ಲೂ ತೊಳೆಯುತ್ತೇವೆ ಎಂದು ಸುಳ್ಳಿಲ್ಲದೆ ಹೇಳಬಹುದು ಎಂದೂ ಹೇಳಿದೆ. "ಮದುವೆಯವರು ಕೇಳಿದರೆ ವಾಪಸ್ ಕೊಡಬೇಕು," ಎಂದು ಗೊಣಗಿ ಸಹಿ ಹಾಕಿದರು. ಪೆನ್ನಿನ ಮುಚ್ಚಳ ಹಾಕುತ್ತಾ, "ಇಷ್ಟಕ್ಕೆಲ್ಲ ಆ ಪತ್ರ ಬೇಕಿತ್ತೇನಮ್ಮ?" ಎಂದರು. ಬೇಕಿರಲಿಲ್ಲ. ಒಂದು ಪ್ರಶ್ನೆ ಬೇಕಿತ್ತು, ಅದೂ ಒಂದು ತಿಂಗಳ ಹಿಂದೆ.

ಮಾರನೆಯ ದಿನ ಭಾನುವಾರ, ನನ್ನ ವಾರದ ರಜೆ. ಯಳಂದೂರಿನಿಂದ ಮೊದಲ ಬಸ್ಸು ಹಿಡಿದು ಆರೂಕಾಲಿಗೆ ಹೋಟೆಲಿನಲ್ಲಿದ್ದೆ. ಕಟ್ಟನ್ನು ಗೋಡೆಯಿಂದ ಇಳಿಸಿದೆ. ಸ್ಟೋರಿನವರು ಹಿಂದಿನ ಸಂಜೆಯೇ ಪೆಟ್ಟಿಗೆಗಳನ್ನು ಪ್ಯಾಂಟ್ರಿಗಳಿಗೆ ಹಾಕಿಹೋಗಿದ್ದರು. ಎರಡನೇ ಮಹಡಿಯ ಪ್ಯಾಂಟ್ರಿಯಲ್ಲಿ ಆಕೆ ಆಗಲೇ ಟ್ರಾಲಿಗೆ ಸೋಪು ಜೋಡಿಸುತ್ತಿದ್ದರು. ಕಟ್ಟನ್ನು ಅವರ ಮುಂದೆ ಹಿಡಿದೆ.

"ಏನ್ ಮಾಡ್ಲಿ ಇದ?"

"ನಿಮ್ಮದು."

"ನೀವೇ ಇಟ್ಕಳಿ. ನಮ್ ಗೋಡೆ ಮಣ್ಣಿಂದು, ಮೊಳೆ ನಿಲ್ಲಲ್ಲ."

ಏಳು ಗಂಟೆಗೆ ಊಟದ ಕೋಣೆಯಲ್ಲಿ ಬೆಳಗಿನ ಕೆಲಸ ಹಂಚುವಾಗ ಎದ್ದು ನಿಂತೆ. ಲೋಟದ ವಾಕ್ಯ ನನ್ನದು, ಅವರು ಬರೆಯಬೇಡಿ ಎಂದಿದ್ದರು, ಯಾರ ಹೆಸರನ್ನೂ ಅವರು ನನಗೆ ಹೇಳಿಲ್ಲ; ಎರಡನೇ ಜೊತೆ ಲೋಟ ಕೊಡದೆ ಇದ್ದದ್ದು ಹೋಟೆಲಿನ ತಪ್ಪು, ಅದನ್ನು ಕೇಳದೆ ಬರೆದದ್ದು ನನ್ನ ತಪ್ಪು ಎಂದೆ. ಮೂರನೇ ಮಹಡಿಯವಳು ಆಕಳಿಸಿದಳು. ಮೇಲ್ವಿಚಾರಕಿ ನನ್ನ ಕೈಯಿಂದ ಪಟ್ಟಿ ಇಸಿದುಕೊಂಡು, ಎರಡನೇ ಪಾಳಿಯ ಸಾಲಿನಲ್ಲಿದ್ದ ಹೆಸರಿಗೆ ಗೆರೆ ಎಳೆದು, ಏಳು ಗಂಟೆಯ ಸಾಲಿನಲ್ಲಿ ಬರೆದು ವಾಪಸು ಕೊಟ್ಟರು. ನಾನು ಪೂರ್ತಿ ಓದಿ ಸಹಿ ಹಾಕಿದೆ.

ಆಮೇಲೆ ಎರಡನೇ ಮಹಡಿಗೆ ಹೋಗಿ ಪೆಟ್ಟಿಗೆ ಬಿಚ್ಚಿದೆ. ಇಪ್ಪತ್ತೆಂಟು ಲೋಟ, ಮೇಲೆ ವರ್ಷಗಳ ಧೂಳು. ಬಿಸಿನೀರು ಬರುವವರೆಗೂ ಕಾದೆ, ಸೋಪು ಹಾಕಿ ಒಂದೊಂದಾಗಿ ತೊಳೆದೆ, ಬಟ್ಟೆಯ ಮೇಲೆ ಬೋರಲು ಹಾಕಿದೆ. ಗಡಿಯಾರ ನೋಡಿದರೆ ಮೂವತ್ತೈದು ನಿಮಿಷವಾಗಿತ್ತು. ಆಕೆ ಕೋಣೆಯೊಂದನ್ನು ಮುಗಿಸಿ ಬಂದು ಬಾಗಿಲಲ್ಲಿ ನಿಂತರು. ಮೊದಲ ಸಾಲಿನಿಂದ ಒಂದು ಲೋಟ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದು, ತಿರುಗಿಸಿ ನೋಡಿ, ನನ್ನ ಮುಂದೆ ಇಟ್ಟರು.

"ತಳ ಉಜ್ಜಿಲ್ಲ," ಎಂದು ಟ್ರಾಲಿ ತಳ್ಳಿಕೊಂಡು ಹೋದರು.

ಅದನ್ನು ಮತ್ತೆ ತೊಳೆದೆ. ಆಮೇಲೆ ಉಳಿದ ಇಪ್ಪತ್ತೇಳರ ತಳವನ್ನೂ ಬೆಳಕಿಗೆ ಹಿಡಿದು ನೋಡಿ, ಹನ್ನೊಂದನ್ನು ಮತ್ತೆ ತೊಳೆದೆ. ಮೂರನೇ ಮಹಡಿಯ ಪೆಟ್ಟಿಗೆ ಇನ್ನೂ ಬಿಚ್ಚಿರಲಿಲ್ಲ. ಸೀರೆಯ ಸೆರಗು ಸಿಕ್ಕಿಸಿಕೊಂಡು ಮೆಟ್ಟಿಲು ಹತ್ತಿದೆ.